ದೇಣಿಗೆ ಕೇಳುವ ಮೂರು ನಿಮಿಷದ ಚಿತ್ರ: ಅಳುವ ಶಾಟ್ ಇಡಬೇಕಾ, ತೆಗೀಬೇಕಾ?

ಶಿರಸಿ ಕಡೆಯವ

ಎಲ್ಲರಿಗೂ ನಮಸ್ಕಾರ. ನಾನು ಮದುವೆ ವಿಡಿಯೊ ಎಡಿಟ್ ಮಾಡುವವನು. ನಮ್ಮ ಕಡೆಯ ಒಂದು ಚಿಕ್ಕ ಟ್ರಸ್ಟ್‌ಗೆ ಸಂಬಳ ಇಲ್ಲದೆ ಒಂದು ಚಿತ್ರ ಮಾಡಿಕೊಡುತ್ತಿದ್ದೇನೆ. ಬೆನ್ನುಹುರಿಗೆ ಪೆಟ್ಟು ಬಿದ್ದು ಸೊಂಟದ ಕೆಳಗೆ ಸ್ವಾಧೀನ ಇಲ್ಲದವರ ಮನೆಗೆ ನರ್ಸ್ ಕಳಿಸುವುದು ಟ್ರಸ್ಟ್‌ನ ಕೆಲಸ. ಒಂದು ಹಳೇ ಜೀಪು, ಒಬ್ಬರು ಸಿಸ್ಟರ್, ಒಬ್ಬ ಡ್ರೈವರ್. ಅಷ್ಟೇ ಇರೋದು.

ಚಿತ್ರದಲ್ಲಿ ಇರುವವರು ಒಬ್ಬ ಕೊನೆಗಾರರು, ಅಂದರೆ ಮರ ಹತ್ತಿ ಅಡಿಕೆ ಗೊನೆ ಕೊಯ್ಯುವವರು. ಮಳೆಗಾಲದಲ್ಲಿ ಕೊಳೆ ರೋಗಕ್ಕೆ ಔಷಧಿ ಹೊಡೆಯುವಾಗ ಅಡಿಕೆ ಮರದಿಂದ ಬಿದ್ದವರು. ಇಲ್ಲಿ ಅವರನ್ನು ಅಣ್ಣ ಅಂತ ಕರೆಯುತ್ತೇನೆ.

ಈಗಿರುವ ಕಟ್ ಹೀಗಿದೆ. ಮರದ ತುದಿಯಿಂದ ಕ್ಯಾಮೆರಾ ಕೆಳಗೆ ಬೀಳುತ್ತದೆ, ದಪ್ ಅಂತ ಸದ್ದು, ಪರದೆ ಕಪ್ಪು. ಆಮೇಲೆ ಪಿಟೀಲು. ಮಲಗಿ ಮಲಗಿ ಬೆನ್ನಿಗೆ ಆದ ಹುಣ್ಣಿನ ಫೋಟೊ. ಅತ್ತಿಗೆ ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುವುದು. ಮಗಳ ಕಾಲೇಜಿನ ಮಾತು ಬಂದಾಗ ಅಣ್ಣ ಅತ್ತಿದ್ದು, ಇಪ್ಪತ್ತು ಸೆಕೆಂಡ್, ಸ್ಲೋ ಮೋಷನ್‌ನಲ್ಲಿ. ಜೀಪು ಬರುತ್ತದೆ, ಸಿಸ್ಟರ್ ನಗುತ್ತಾರೆ, ಅಣ್ಣನೂ ನಗುತ್ತಾರೆ. ಕೊನೆಗೆ "ನಿಮ್ಮ 500 ರೂಪಾಯಿ ಒಂದು ಜೀವ ಉಳಿಸಬಹುದು" ಅಂತ ಕಾರ್ಡು, ಕ್ಯೂಆರ್ ಕೋಡು.

ಕಾರ್ಯದರ್ಶಿಯವರಿಗೆ ತುಂಬಾ ಇಷ್ಟವಾಗಿದೆ. ಅವರ ಮನೆಯಲ್ಲಿ ನೋಡಿದವರೆಲ್ಲ ಅತ್ತರಂತೆ. ನನಗೆ ಮಾತ್ರ ಏನೋ ಸರಿ ಇಲ್ಲ ಅನಿಸುತ್ತಿದೆ. ಆದರೆ ಅದನ್ನೆಲ್ಲ ತೆಗೆದರೆ ಯಾರು ದುಡ್ಡು ಕೊಡುತ್ತಾರೆ ಅನ್ನೋ ಭಯವೂ ಇದೆ. ಇಂಥ ಕೆಲಸ ಮಾಡಿದವರು ಇದ್ದರೆ ಹೇಳಿ.

ಕ್ಯಾಮೆರಾ ಕಿಟ್ಟಿ

ಡ್ರೋನ್ ಇದ್ದರೆ ಮರದಿಂದ ಬೀಳುವ ಶಾಟ್ ಇನ್ನೂ ಚೆನ್ನಾಗಿ ಬರುತ್ತೆ ಗುರು. ಫ್ರೇಮ್ ರೇಟ್ 60 ಇಟ್ಟು ತೆಗಿ, ಸ್ಲೋ ಮಾಡಿದರೂ ಒಡೆಯಲ್ಲ. ಯಾವ ಸ್ಪರ್ಧೆಗೆ ಕಳಿಸ್ತಾ ಇದ್ದೀಯ?

ಶಿರಸಿ ಕಡೆಯವ

ಸ್ಪರ್ಧೆ ಅಲ್ಲ ಮಾರಾಯ. ಆ ಶಾಟ್ ಬೇಕಾ ಬೇಡವಾ ಅನ್ನೋದೇ ಪ್ರಶ್ನೆ.

ಮಾರ್ಕೆಟಿಂಗ್ ಮಂಜ

ಬೇಕು. ಭಾವನೆ ಇಲ್ಲದೆ ಜೇಬು ತೆರೆಯಲ್ಲ, ಇದು ಸಾಬೀತಾಗಿರೋ ವಿಷಯ. 2007ರಲ್ಲಿ ಅಮೆರಿಕದ ಸಂಶೋಧಕರು ಒಂದು ಪ್ರಯೋಗ ಮಾಡಿದರು. ಭಾಗವಹಿಸಿದವರ ಕೈಗೆ 5 ಡಾಲರ್ ಕೊಟ್ಟು, ಅದರಲ್ಲಿ ಎಷ್ಟು ದಾನ ಮಾಡ್ತೀರಿ ಅಂತ ಕೇಳಿದರು. ರೋಕಿಯಾ ಅನ್ನೋ ಮಾಲಿ ದೇಶದ ಏಳು ವರ್ಷದ ಒಬ್ಬಳೇ ಹುಡುಗಿಯ ಬಗ್ಗೆ ಓದಿದವರು ಸರಾಸರಿ 2.38 ಡಾಲರ್ ಕೊಟ್ಟರು. ಬರಗಾಲ, ಲಕ್ಷಾಂತರ ಜನ ಅಂತ ಬರೀ ಅಂಕಿ ಓದಿದವರು 1.14. ಎರಡನ್ನೂ ಸೇರಿಸಿ ಓದಿದವರು 1.43. ಅಂದರೆ ಅಂಕಿ ಸೇರಿಸಿದರೇ ದಾನ ಕಡಿಮೆ ಆಯ್ತು! ಹಾಗಾಗಿ ಒಬ್ಬರನ್ನೇ ತೋರಿಸು, ಅಳಿಸು, ಲೆಕ್ಕ ಹೇಳಬೇಡ. ಕಾರ್ಯದರ್ಶಿ ಸರಿಯಾಗೇ ಹೇಳ್ತಿದ್ದಾರೆ.

ಕತ್ತರಿ ಮೇಷ್ಟ್ರು

ಮಂಜ ಅವರು ಹೇಳಿದ ಅಂಕಿ ಸರಿ. ಆದರೆ ಅದರಿಂದ ಎಳೆದ ತೀರ್ಮಾನ ಅರ್ಧ ಮಾತ್ರ ಸರಿ. ಆ ಪ್ರಯೋಗದಲ್ಲಿ ಹೋಲಿಸಿದ್ದು ಒಬ್ಬ ವ್ಯಕ್ತಿಯನ್ನು ಮತ್ತು ಅಂಕಿಅಂಶವನ್ನು. ಅಳುವ ವ್ಯಕ್ತಿಯನ್ನೂ ಅಳದ ವ್ಯಕ್ತಿಯನ್ನೂ ಅಲ್ಲ. "ಒಬ್ಬರನ್ನು ತೋರಿಸು" ಅನ್ನುವವರೆಗೆ ಒಪ್ಪುತ್ತೇನೆ. "ಅಳಿಸು" ಅನ್ನೋದು ನೀವೇ ಸೇರಿಸಿದ್ದು.

ನಾನು ಸಾಕ್ಷ್ಯಚಿತ್ರಗಳ ಎಡಿಟಿಂಗ್ ಮಾಡುತ್ತೇನೆ. ಚಿಕ್ಕ ಸಂಸ್ಥೆಗಳ ಚಿತ್ರಗಳೂ ಆಗಾಗ ಟೇಬಲ್ಲಿಗೆ ಬರುತ್ತವೆ. ಎಲ್ಲದರಲ್ಲೂ ಇದೇ ಎಡವಟ್ಟು. ಕೊರತೆ ಇರುವುದು ಸಂಸ್ಥೆಗೆ. ಡೀಸೆಲ್‌ಗೆ ದುಡ್ಡಿಲ್ಲ, ಇನ್ನೊಬ್ಬ ನರ್ಸ್‌ಗೆ ಸಂಬಳ ಇಲ್ಲ. ಆದರೆ ಚಿತ್ರದಲ್ಲಿ ಆ ಕೊರತೆಯನ್ನು ಒಬ್ಬ ಮನುಷ್ಯನ ಮೈಮೇಲೆ ಹಾಕಿ ತೋರಿಸುತ್ತಾರೆ. ನಿಮ್ಮ ಕಟ್‌ನಲ್ಲಿ ಅಣ್ಣನ ಪಾಲಿಗೆ ಬಂದ ಕೆಲಸ ಮೂರೇ. ಬೀಳುವುದು, ಅಳುವುದು, ಕೊನೆಗೆ ಕೃತಜ್ಞತೆಯಿಂದ ನಗುವುದು. ಅವರು ಯಾರು ಅಂತಲೇ ನನಗೆ ಗೊತ್ತಾಗಲಿಲ್ಲ.

ಒಂದು ಪ್ರಶ್ನೆ. ಕಟ್‌ಗೆ ಹಾಕದೆ ಬಿಟ್ಟ ಫುಟೇಜ್‌ನಲ್ಲಿ ಏನಿದೆ? ನೀವು ಸುಮ್ನೆ ತೆಗೆದಿಟ್ಟಿದ್ದು, ಯಾರೂ ಕೇಳದೇ ಇದ್ದದ್ದು.

ಶಿರಸಿ ಕಡೆಯವ

ಮೇಷ್ಟ್ರೇ, ಒಂದು ಉದ್ದನೆಯ ಕ್ಲಿಪ್ ಇದೆ. ಅಣ್ಣ ಗಾಲಿಕುರ್ಚಿಯಲ್ಲಿ ತೋಟದ ಅಂಚಿಗೆ ಬಂದು ಕೂತಿದ್ದಾರೆ. ಅವರ ಅಳಿಯ ಫೈಬರ್ ದೋಟಿ ಹಿಡಿದು ನೆಲದ ಮೇಲೆ ನಿಂತೇ ಕೊನೆ ಕೊಯ್ಯುತ್ತಿದ್ದಾನೆ. ಅಣ್ಣ ಕೆಳಗಿನಿಂದ ನೋಡಿ "ಅದಲ್ಲ, ಅದರ ಹಿಂದಿನದು. ಇದು ಚಾಲಿಗೆ ಬಿಡು, ಆ ಮರದ್ದು ರಾಶಿಗೆ ಹದ ಬಂದಿದೆ" ಅಂತ ಹೇಳುತ್ತಾ ಇರುತ್ತಾರೆ. ಹಣ್ಣಾದ ಮೇಲೆ ಕೊಯ್ದು ಒಣಗಿಸುವುದು ಚಾಲಿ, ಹಸಿರಿದ್ದಾಗಲೇ ಕೊಯ್ದು ಬೇಯಿಸುವುದು ರಾಶಿ. ಹುಡುಗ ತಪ್ಪು ಗೊನೆಗೆ ದೋಟಿ ಹಾಕಿದರೆ ಸರಿಯಾಗಿ ಬೈತಾರೆ. ನಾನು ಕ್ಯಾಮೆರಾ ಇಟ್ಟು ಚಾ ಕುಡಿಯಲು ಹೋಗಿದ್ದೆ, ಅದು ತನ್ನ ಪಾಡಿಗೆ ರೆಕಾರ್ಡ್ ಆಗಿದೆ.

ಇನ್ನೊಂದು, ಸಿಸ್ಟರ್ ಹಿಮ್ಮಡಿ ಪರೀಕ್ಷೆ ಮಾಡುವುದು. ಹುಣ್ಣು ಶುರುವಾಗಿದೆಯಾ ಅಂತ ಬೆರಳಿನಿಂದ ಒತ್ತಿ ನೋಡುತ್ತಾರೆ. ಅದು ತುಂಬಾ ನಿಧಾನ ಅಂತ ಬಿಟ್ಟಿದ್ದೆ.

ಕತ್ತರಿ ಮೇಷ್ಟ್ರು

ಚಿತ್ರ ಸಿಕ್ಕಿತಲ್ಲ!

ಕಾಗದದ ಮೇಲೆ ಹೀಗೆ ಜೋಡಿಸಿ ನೋಡಿ. ಮೊದಲು ಮರಗಳ ತಲೆ, ಮೇಲೆ ಆಡುವ ದೋಟಿಯ ತುದಿ. ಹೊರಗಿನಿಂದ ಒಂದು ದನಿ, "ಅದಲ್ಲ, ಅದರ ಹಿಂದಿನದು." ಹುಡುಗನ ಮುಖ, ಅವನಿಗೆ ಬೇಜಾರು. ಮತ್ತೆ ದನಿ. ಹದಿನೈದು ಸೆಕೆಂಡ್ ಆದ ಮೇಲೆ ಆ ದನಿ ಯಾರದು ಅಂತ ತೋರಿಸಿ. ಗಾಲಿಕುರ್ಚಿ ಆಗ ಕಾಣಲಿ. ನೋಡುವವನಿಗೆ ಅಷ್ಟು ಹೊತ್ತಿಗಾಗಲೇ ಅವರು ಕೆಲಸ ಗೊತ್ತಿರುವ ಮನುಷ್ಯ, ಸ್ವಲ್ಪ ಸಿಡುಕ. ಪರಿಚಯ ಆಗಿಬಿಟ್ಟಿದೆ. ಕುರ್ಚಿ ಆಮೇಲೆ ಬಂದ ಸುದ್ದಿ.

ಬಿದ್ದದ್ದನ್ನು ಅವರೇ ಒಂದು ವಾಕ್ಯದಲ್ಲಿ ಹೇಳಲಿ. ಮರುಸೃಷ್ಟಿ ಬೇಡವೇ ಬೇಡ. ಆ ಸದ್ದನ್ನು ಅತ್ತಿಗೆ, ಮಗಳು ಕೂತು ಕೇಳಬೇಕಲ್ಲ, ಅದನ್ನು ಯೋಚಿಸಿ.

ಆಮೇಲೆ ಹಿಮ್ಮಡಿ ಪರೀಕ್ಷೆ. ನಿಧಾನ ಇದೆ ಅಂತ ಬಿಡಬೇಡಿ, ನಿಧಾನವೇ ಅದರ ಬಲ. ಸಿಸ್ಟರ್ ಏನು ನೋಡುತ್ತಿದ್ದಾರೆ ಅಂತ ಒಮ್ಮೆ ಗೊತ್ತಾದರೆ ನೋಡುವವನೂ ಉಸಿರು ಹಿಡಿದು ಕಾಯುತ್ತಾನೆ. ಪಿಟೀಲು ಬೇಕಾಗಲ್ಲ. ಹುಣ್ಣಿನ ಫೋಟೊ ತೋರಿಸಿ ಹೆದರಿಸುವ ಬದಲು ಹುಣ್ಣು ಆಗದ ಹಾಗೆ ನೋಡಿಕೊಳ್ಳುವ ಕೈ ತೋರಿಸಿ. ಜನ ದುಡ್ಡು ಕೊಡಬೇಕಾದದ್ದು ಆ ಕೈಗೇ ತಾನೇ?

ಕೊನೆಗೆ ಕೊರತೆ. ಅದನ್ನು ಸಿಸ್ಟರ್ ಹೇಳಲಿ, ಜೀಪಿನಲ್ಲಿ ಕೂತು. ಈ ತಿಂಗಳು ಯಾವ ಯಾವ ಮನೆಗೆ ಹೋಗಲು ಆಗಲಿಲ್ಲ, ಯಾಕೆ ಆಗಲಿಲ್ಲ. ಹೆಸರು ಬೇಡ, ಊರಿನ ದೂರ ಸಾಕು.

ಹಳ್ಳಿ ಸಿಸ್ಟರ್

ನಾನು ಇದೇ ಕೆಲಸದಲ್ಲಿ ಇರುವವಳು, ಬೇರೆ ಜಿಲ್ಲೆ. ಹಿಮ್ಮಡಿ ಶಾಟ್ ಬಗ್ಗೆ ಒಂದು ಮಾತು. ಪುಸ್ತಕದಲ್ಲಿ ಕೆಂಪು ಜಾಗ ಒತ್ತಿ ನೋಡಿ, ಬಿಳಿಚಿಕೊಂಡು ಮತ್ತೆ ಬಣ್ಣ ಬಂದರೆ ಪರವಾಗಿಲ್ಲ, ಕೆಂಪು ಹಾಗೇ ಉಳಿದರೆ ಹುಣ್ಣು ಶುರುವಾಗಿದೆ ಅಂತ ಇರುತ್ತದೆ. ಆದರೆ ನಮ್ಮ ಜನರ ಚರ್ಮದ ಮೇಲೆ ಆ ಬಣ್ಣ ಸರಿಯಾಗಿ ಕಾಣುವುದೇ ಇಲ್ಲ. ಅದಕ್ಕೆ ನಾವು ಅಂಗೈ ಹಿಂಭಾಗ ಇಟ್ಟು ಬಿಸಿ ನೋಡುತ್ತೇವೆ. ಪಕ್ಕದ ಚರ್ಮಕ್ಕಿಂತ ಬಿಸಿ ಇದೆಯಾ, ಗಟ್ಟಿ ಆಗಿದೆಯಾ ಅಂತ. ನಿಮ್ಮ ಕ್ಯಾಮೆರಾದಲ್ಲಿ ಬಣ್ಣ ಬದಲಾಗುವುದು ಕಾಣಲ್ಲ. ಕೈ ಹಿಂಭಾಗ ಮೀನಖಂಡದಿಂದ ಹಿಮ್ಮಡಿಗೆ ಸರಿಯುವುದು ಚೆನ್ನಾಗಿ ಕಾಣುತ್ತದೆ. ಆ ಸಿಸ್ಟರ್ ಹಾಗೆ ಮಾಡಿದ್ದರೆ ಅದನ್ನೇ ಇಡಿ. ಮಾಡದೆ ಇದ್ದರೆ ಕ್ಯಾಮೆರಾಕ್ಕಾಗಿ ಮಾಡಿಸಬೇಡಿ, ಮುಂದಿನ ಭೇಟಿಗೆ ಹೋಗಿ ಕಾಯಿರಿ.

ಅಣ್ಣನಿಗೆ ಅಲ್ಲಿ ಸ್ಪರ್ಶ ಗೊತ್ತಾಗಲ್ಲ. ಅದಕ್ಕೇ ಬೇರೆಯವರ ಕೈ ಬೇಕು. ಅದೊಂದು ಮಾತು ಸಿಸ್ಟರ್ ಬಾಯಲ್ಲಿ ಬಂದರೆ ನೋಡುವವರಿಗೆ ಪೂರ್ತಿ ಅರ್ಥವಾಗುತ್ತದೆ.

ತೋಟದ ಹುಡುಗಿ

ಇಲ್ಲಿ ಹೇಳಬಹುದೋ ಇಲ್ಲವೋ ಗೊತ್ತಿಲ್ಲ. ಲಾಕ್‌ಡೌನ್ ಹೊತ್ತಿನಲ್ಲಿ ನಮ್ಮ ಅಮ್ಮ ಒಂದು ಸಂಘದಿಂದ ಅಕ್ಕಿ ಬೇಳೆ ಕಿಟ್ ತಗೊಂಡಿದ್ದರು. ಕೊಡುವ ಮೊದಲು ಬ್ಯಾನರ್ ಮುಂದೆ ನಿಲ್ಲಿಸಿ ಫೋಟೊ ತೆಗೆದರು. ಎಣ್ಣೆ ಪ್ಯಾಕೆಟ್ ಮೇಲೆ ಬರಲಿ ಅಂತ ಎರಡು ಸಲ ನಿಲ್ಲಿಸಿದರು. ಆ ಫೋಟೊ ಅಮ್ಮನ ತವರಿನ ವಾಟ್ಸ್‌ಆ್ಯಪ್ ಗುಂಪಿಗೆ ಬಂತು. ಅಮ್ಮ ಆಮೇಲೆ ಬಹಳ ದಿನ ತವರಿಗೇ ಹೋಗಲಿಲ್ಲ. ಅಕ್ಕಿ ತಿಂದು ಮುಗಿಯಿತು, ಫೋಟೊ ಇನ್ನೂ ಎಲ್ಲೋ ಇರುತ್ತೆ.

ಅಣ್ಣನ ಹತ್ತಿರ ಕೇಳಿದ್ದೀರಾ?

ಶಿರಸಿ ಕಡೆಯವ

ಕೇಳಿದ್ದೀವಿ, ಫಾರಂಗೆ ಸಹಿ ಇದೆ. ಕಾರ್ಯದರ್ಶಿಯವರೇ ಹೋಗಿ ಮಾಡಿಸಿಕೊಂಡು ಬಂದರು.

ಕತ್ತರಿ ಮೇಷ್ಟ್ರು

ತಿಂಗಳು ತಿಂಗಳು ಕ್ಯಾಥೆಟರ್ ತಂದುಕೊಡುವ ಟ್ರಸ್ಟ್‌ನ ಕಾರ್ಯದರ್ಶಿ ಮನೆಗೆ ಬಂದು "ಒಂದು ಸಹಿ ಹಾಕಿ" ಅಂದರೆ ಯಾರು ಬೇಡ ಅನ್ನುತ್ತಾರೆ? ಅವರು ಕೆಟ್ಟವರು ಅಂತ ಹೇಳುತ್ತಿಲ್ಲ. ಆದರೆ ಆ ಸಹಿಗೆ ಅಷ್ಟೇನೂ ಬೆಲೆ ಇಲ್ಲ.

ನಾನು ಮಾಡುವ ಕ್ರಮ ಹೇಳುತ್ತೇನೆ. ಕೇಳುವವರು ಸೇವೆ ಕೊಡುವವರಾಗಿರಬಾರದು. ನೀವು ಹೋಗಿ. "ಬೇಡ ಅಂದರೂ ಸಿಸ್ಟರ್ ಬರುವುದು ನಿಲ್ಲಲ್ಲ" ಅನ್ನುವುದು ಫಾರಂನಲ್ಲೇ ಬರೆದಿರಲಿ, ಬಾಯಲ್ಲೂ ಹೇಳಿ. ಚಿತ್ರ ಎಲ್ಲೆಲ್ಲಿ ಹೋಗುತ್ತದೆ ಅಂತ ಬಾಯಿಮಾತಲ್ಲಿ ಹೇಳಿದರೆ ಸಾಲದು. ನಿಮ್ಮ ಫೋನ್ ತೆಗೆದು ಸ್ಟೇಟಸ್‌ನಲ್ಲಿ ಹೇಗೆ ಕಾಣುತ್ತದೆ, ಫಾರ್ವರ್ಡ್ ಆದರೆ ಹೇಗೆ ಅಂತ ತೋರಿಸಿ. ಯೂಟ್ಯೂಬ್‌ನಿಂದ ತೆಗೆಯಬಹುದು, ಜನರ ಫೋನಿಂದ ತೆಗೆಯಲು ಆಗಲ್ಲ ಅಂತಲೂ ಹೇಳಿ. ಎರಡನೇ ಸಲ ಕೇಳುವುದು ಎಡಿಟ್ ಆದ ಮೇಲೆ, ಅವರ ಮನೆಯಲ್ಲೇ, ಚಿತ್ರ ತೋರಿಸಿ. ಶೂಟಿಂಗ್ ದಿನ ಒಪ್ಪಿದ್ದು ಬೇರೆ, ಪಿಟೀಲು ಹಾಕಿದ ಮೇಲೆ ಆಗುವುದು ಬೇರೆ.

ಮಾರ್ಕೆಟಿಂಗ್ ಮಂಜ

ಇಷ್ಟೆಲ್ಲ ಯಾಕೆ? ಮುಖ ಬ್ಲರ್ ಮಾಡಿದರೆ ಮುಗೀತು. ಮಗಳು ಅಪ್ರಾಪ್ತಳಾದರೆ ಅಂತೂ ಕಾನೂನು ಪ್ರಕಾರ ಮಕ್ಕಳ ಮುಖ ತೋರಿಸೋ ಹಾಗೇ ಇಲ್ಲ.

ಕತ್ತರಿ ಮೇಷ್ಟ್ರು

ಎರಡೂ ಪೂರ್ತಿ ಸರಿಯಲ್ಲ. ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಹೇಳುವುದು ಪಾಲನೆ ರಕ್ಷಣೆ ಬೇಕಾದ ಮಕ್ಕಳು, ಕಾನೂನಿನ ಜೊತೆ ಸಂಘರ್ಷಕ್ಕೆ ಬಂದ ಮಕ್ಕಳು, ಅಪರಾಧಕ್ಕೆ ಬಲಿಯಾದವರು, ಸಾಕ್ಷಿಗಳು, ಇಂಥವರ ಬಗ್ಗೆ. ಅವರ ಹೆಸರು, ಶಾಲೆ, ಫೋಟೊ, ಗುರುತು ಹಿಡಿಯುವ ಯಾವುದನ್ನೂ ಹಾಕುವ ಹಾಗಿಲ್ಲ. ಅಪ್ಪ ಅಮ್ಮನ ಜೊತೆ ಮನೆಯಲ್ಲಿರುವ ಎಲ್ಲ ಮಕ್ಕಳಿಗೂ ಅದು ಅನ್ವಯಿಸಲ್ಲ. ಆದರೆ ಕಾನೂನು ಬಿಟ್ಟಿದೆ ಅಂತ ತೋರಿಸಬೇಕು ಅಂತಲೂ ಇಲ್ಲ. ಆ ಹುಡುಗಿ ಕಾಲೇಜಿಗೆ ಹೋಗುವವಳು. ಅಪ್ಪ ಅವಳ ಫೀಸಿಗೆ ಅಳುವುದನ್ನು ಕ್ಲಾಸಿನವರೆಲ್ಲ ನೋಡುತ್ತಾರೆ. ಅವಳನ್ನು ಬೇರೆಯಾಗಿ ಕೂರಿಸಿ ಕೇಳಬೇಕು.

ಬ್ಲರ್ ಬಗ್ಗೆ. ಗುರುತು ಮುಚ್ಚಲೇಬೇಕಾದ ಕಡೆ ಸರಿ. ಉಳಿದ ಕಡೆ ಬ್ಲರ್ ಮಾಡಿದ ಮುಖ ನೋಡಿದರೆ ಪೊಲೀಸರು ಹಿಡಿದುಕೊಂಡು ಹೋಗುತ್ತಿರುವವರ ಹಾಗೆ ಕಾಣುತ್ತದೆ. ಗುರುತು ಬೇಡ ಅಂದರೆ ಕೈ ತೋರಿಸಿ, ಬೆನ್ನ ಹಿಂದಿನಿಂದ ತೆಗೀರಿ, ದನಿ ಮಾತ್ರ ಬಳಸಿ.

ಇನ್ನೊಂದು, 2023ರಲ್ಲಿ ಜಾಹೀರಾತು ಮಾನದಂಡ ಮಂಡಳಿ ಎಎಸ್‌ಸಿಐ ದಾನ ಕೇಳುವ ಜಾಹೀರಾತುಗಳಿಗೆ ಮಾರ್ಗಸೂಚಿ ತಂದಿದೆ. ಸಂಕಟದಲ್ಲಿರುವವರ, ಅದರಲ್ಲೂ ಮಕ್ಕಳ, ಘೋರ ಚಿತ್ರ ತೋರಿಸಿ ಅವರ ಘನತೆ ಕಳೆಯಬಾರದು. ಕೊಡದವರು ನಾಚಿಕೆಪಡಬೇಕು ಅನ್ನುವ ಹಾಗೆ ಹೇಳಬಾರದು. ನಿಮ್ಮ ಹುಣ್ಣಿನ ಫೋಟೊ ಮೊದಲನೆಯದಕ್ಕೇ ಸಿಕ್ಕಿಹಾಕಿಕೊಳ್ಳುತ್ತದೆ. ಕಾರ್ಯದರ್ಶಿಗೆ ಹೇಳಲು ನಿಮಗೊಂದು ಆಧಾರ ಸಿಕ್ಕಿತು.

ನಾಲ್ಕು ಚಕ್ರ

ನಾನು ಗಾಲಿಕುರ್ಚಿ ಬಳಸುವವನು. ಮೇಷ್ಟ್ರು ಹೇಳಿದ ಕಟ್ ಮೊದಲಿನದಕ್ಕಿಂತ ಎಷ್ಟೋ ಮೇಲು. ಆದರೆ ಒಂದು ಎಚ್ಚರಿಕೆ. ಅಳಿಸುವುದನ್ನು ಬಿಟ್ಟು ಈಗ ಎಲ್ಲರೂ ಇನ್ನೊಂದು ಹಿಡಿದಿದ್ದಾರೆ, "ಸ್ಫೂರ್ತಿ". ನಡೆಯಲು ಆಗದಿದ್ದರೂ ನೋಡಿ ಹೇಗೆ ನಗುತ್ತಾರೆ ಅಂತ. ಕುರ್ಚಿಯಲ್ಲಿ ಕೂತು ಹಲ್ಲುಜ್ಜಿದರೂ ಸ್ಫೂರ್ತಿ. ಅದೂ ನಮ್ಮನ್ನು ಬಳಸಿಕೊಳ್ಳುವುದೇ. ಅಣ್ಣ ಬೈಯುವುದನ್ನು ಬೈಯುವ ಹಾಗೇ ಇಡಿ. ಕೊನೆಯಲ್ಲಿ ಸೂರ್ಯೋದಯ ಹಾಕಬೇಡಿ ದಯವಿಟ್ಟು.

ಇನ್ನೂ ಒಂದು. ಅತ್ತಿಗೆ ಎಲ್ಲಿ? ಮೊದಲ ಕಟ್‌ನಲ್ಲಿ ಅಳಲು ಇದ್ದರು, ಎರಡನೆಯದರಲ್ಲಿ ಕಾಣೆಯಾಗಿದ್ದಾರೆ. ಪಂಪಿನಿಂದ ಗಾಳಿ ತುಂಬುವ ಏರ್‌ಬೆಡ್ ಇಲ್ಲದ ಮನೆಯಲ್ಲಿ ಹುಣ್ಣಾಗದಿರಲು ರಾತ್ರಿ ಎರಡು ಗಂಟೆಗೊಮ್ಮೆ ಮಗ್ಗಲು ಬದಲಿಸಬೇಕು. ಏರ್‌ಬೆಡ್ ಇದ್ದರೂ ಪೂರ್ತಿ ಬಿಡುವ ಹಾಗಿಲ್ಲ. ಅಲಾರಂ ಇಟ್ಟು ಏಳುವವರು ಯಾರು? ಕರೆಂಟ್ ಹೋದರೆ ಪಂಪು ನಿಲ್ಲುತ್ತದೆ, ಆಗ ಮೊದಲು ಎಚ್ಚರ ಆಗುವುದು ಯಾರಿಗೆ? ಅದನ್ನು ಅವರ ಬಾಯಲ್ಲೇ ಕೇಳಿ. "ನಿಮಗೆ ಹೇಗನಿಸುತ್ತದೆ" ಅಂತ ಕೇಳಬೇಡಿ, ಆ ಪ್ರಶ್ನೆಗೆ ಕ್ಯಾಮೆರಾ ಮುಂದೆ ಎಲ್ಲರೂ ಅಳುತ್ತಾರೆ. "ನಿನ್ನೆ ರಾತ್ರಿ ಎಷ್ಟು ಸಲ ಎದ್ರಿ, ಎದ್ದು ಏನು ಮಾಡಿದ್ರಿ" ಅಂತ ಕೇಳಿ.

ಕತ್ತರಿ ಮೇಷ್ಟ್ರು

ಇದು ನಾನು ಬಿಟ್ಟುಬಿಟ್ಟಿದ್ದೆ. ಅತ್ತಿಗೆ ಇರಲೇಬೇಕು. ಪ್ರಶ್ನೆ ಕೇಳುವ ರೀತಿಯ ಬಗ್ಗೆ ನೀವು ಹೇಳಿದ್ದನ್ನು ನಾನು ಬರೆದಿಟ್ಟುಕೊಳ್ಳುತ್ತೇನೆ.

ಕ್ಯಾಮೆರಾ ಕಿಟ್ಟಿ

ಸರಿ ಈಗ ಅರ್ಥ ಆಯ್ತು. ಆದರೆ ಮ್ಯೂಸಿಕ್ ಪೂರ್ತಿ ತೆಗೆದರೆ ಹಾಲ್‌ನಲ್ಲಿ ಜನ ಎದ್ದು ಹೋಗ್ತಾರೆ ಸರ್. ನಾನು ಊರ ಕಾರ್ಯಕ್ರಮದಲ್ಲಿ ಎಷ್ಟೋ ವಿಡಿಯೊ ಹಾಕಿದ್ದೀನಿ. ಸೌಂಡ್ ಇಲ್ಲ ಅಂದ್ರೆ ಹಿಂದಿನ ಸಾಲಿನವರು ಮಾತಾಡೋಕೆ ಶುರು ಮಾಡ್ತಾರೆ.

ಕತ್ತರಿ ಮೇಷ್ಟ್ರು

ಕಿಟ್ಟಿ ಹೇಳುವುದರಲ್ಲಿ ಹುರುಳಿದೆ. ಸಂಗೀತ ಪಾಪ ಅಂತ ನಾನು ಹೇಳಲ್ಲ. ಟೈಮ್‌ಲೈನ್‌ನಲ್ಲಿ ಸಂಗೀತದ ಟ್ರ್ಯಾಕ್ ಮ್ಯೂಟ್ ಮಾಡಿ ಒಮ್ಮೆ ನೋಡಿ. ದೃಶ್ಯ ಆಗಲೂ ನಿಂತರೆ ಸಂಗೀತ ಇರಲಿ, ಸ್ವಲ್ಪ ಜೊತೆ ಕೊಡುತ್ತದೆ. ಸಂಗೀತ ತೆಗೆದ ಕೂಡಲೇ ದೃಶ್ಯ ಬಿದ್ದುಹೋದರೆ, ಅಲ್ಲಿ ನೀವು ತೋರಿಸಿದ್ದು ಏನೂ ಇರಲಿಲ್ಲ.

ಇಲ್ಲಿ ಒಳ್ಳೆ ಸದ್ದುಗಳಿವೆ. ದೋಟಿಗೆ ಸಿಕ್ಕಿ ಗೊನೆ ಕಳಚುವ ಸದ್ದು, ಏರ್‌ಬೆಡ್ ಪಂಪಿನ ಗುಂಯ್ ಅನ್ನೋ ಸದ್ದು, ಜೀಪಿನ ಗೇರು. ಅವನ್ನು ಬೇರೆಯಾಗಿ ರೆಕಾರ್ಡ್ ಮಾಡಿ, ಹಾಲ್‌ಗೆ ಕೇಳಿಸುವಷ್ಟು ಏರಿಸಿ. ಫೋನ್‌ನಲ್ಲಿ ಬಹಳ ಜನ ಸದ್ದು ಮುಚ್ಚಿಯೇ ನೋಡುತ್ತಾರೆ, ಹಾಗಾಗಿ ಕೆಳಗೆ ಮಾತಿನ ಬರಹ ಹಾಕಿ. ಅಣ್ಣ ಆಡಿದ ಕನ್ನಡದಲ್ಲೇ ಹಾಕಿ, ತಿದ್ದಬೇಡಿ.

ಲೆಕ್ಕದ ಪುಸ್ತಕ

ನಾನು ಇನ್ನೊಂದು ಸಣ್ಣ ಟ್ರಸ್ಟ್‌ನ ಖಜಾಂಚಿ. ಎಲ್ಲರೂ ಶಾಟ್ ಬಗ್ಗೆ ಮಾತಾಡಿದಿರಿ, ನಾನು ಕೊನೆಯ ಕಾರ್ಡ್ ಬಗ್ಗೆ ಹೇಳುತ್ತೇನೆ.

ನಾವು ಒಬ್ಬ ಹೆಂಗಸಿನ ಕಥೆ ಹಾಕಿ ಒಂದು ವಿಡಿಯೊ ಮಾಡಿದ್ದೆವು. ಜನ ಚೆನ್ನಾಗೇ ಕೊಟ್ಟರು. ಆದರೆ ಎಲ್ಲರೂ ಅವರ ಹೆಸರು ಬರೆದು ಕಳಿಸಿದರು. ಅವರಿಗೆ ಬೇಕಾದ್ದಕ್ಕಿಂತ ಜಾಸ್ತಿ ಬಂತು. ಅಷ್ಟರಲ್ಲಿ ಅವರು ತೀರಿಕೊಂಡರು. ಮನೆಯವರು ಆ ದುಡ್ಡು ನಮಗೆ ಸೇರಬೇಕು ಅಂದರು. ಕೊಟ್ಟವರಲ್ಲಿ ಕೆಲವರು ವಾಪಸ್ ಕೇಳಿದರು. ಅದೇ ಹೊತ್ತಿಗೆ ಪಕ್ಕದ ಮನೆಯ ರೋಗಿಗೆ ಹಾಸಿಗೆ ಕೊಡಲು ನಮ್ಮ ಹತ್ತಿರ ಕಾಸಿರಲಿಲ್ಲ. ಒಬ್ಬರ ಹೆಸರಿಗೆ ಅಂತ ಕೇಳಿದ ದುಡ್ಡನ್ನು ಇನ್ನೊಬ್ಬರಿಗೆ ಹೇಗೆ ಖರ್ಚು ಮಾಡುವುದು? ತಿಂಗಳುಗಟ್ಟಲೆ ಮೀಟಿಂಗ್ ಮಾಡಿದೆವು.

ಅದಕ್ಕೆ ಕಾರ್ಡ್‌ನಲ್ಲಿ ಸ್ಪಷ್ಟವಾಗಿ ಹಾಕಿ: "ಇಲ್ಲಿ ಕಂಡವರಿಗೆ ಈಗಾಗಲೇ ಸೇವೆ ಸಿಗುತ್ತಿದೆ. ನಿಮ್ಮ ಹಣ ಟ್ರಸ್ಟ್ ನೋಡಿಕೊಳ್ಳುವ ಎಲ್ಲ ಮನೆಗಳ ಭೇಟಿಗೆ ಬಳಕೆಯಾಗುತ್ತದೆ." "500 ರೂಪಾಯಿಗೆ ಒಂದು ಜೀವ" ತೆಗೆದುಹಾಕಿ, ಅದು ಸುಳ್ಳು. ಒಂದು ಮನೆಯ ಒಂದು ಭೇಟಿಗೆ ಡೀಸೆಲ್, ಕೈಗವಸು, ಕ್ಯಾಥೆಟರ್, ಸಿಸ್ಟರ್ ಸಂಬಳದ ಪಾಲು ಎಲ್ಲ ಸೇರಿ ಎಷ್ಟಾಗುತ್ತದೆ ಅಂತ ಲೆಕ್ಕ ಹಾಕಿ, ಅದನ್ನು ಕೇಳಿ. ಸಂಬಳ, ಡೀಸೆಲ್ ಅಂದರೆ ಜನ ಕೊಡಲ್ಲ ಅಂತ ಮುಚ್ಚಿಡುತ್ತಾರೆ. ಹಿಮ್ಮಡಿ ಮೇಲಿನ ಆ ಕೈ ನೋಡಿದ ಮೇಲೆ ಸಂಬಳ ಯಾಕೆ ಅಂತ ಯಾರೂ ಕೇಳಲ್ಲ.

ಹೊರನಾಡ ಕನ್ನಡತಿ

ನಾನು ನ್ಯೂಜೆರ್ಸಿಯಲ್ಲಿರುವುದು. ಚಿತ್ರ ಮುಗಿದ ಮೇಲೆ ಕಳಿಸಿ, ನಮ್ಮ ಕನ್ನಡ ಕೂಟದ ಕಾರ್ಯಕ್ರಮದಲ್ಲಿ ಹಾಕಿಸುತ್ತೇನೆ. ಮಲೆನಾಡಿನವರು ತುಂಬಾ ಜನ ಇದ್ದೀವಿ, ಅಡಿಕೆ ತೋಟ ನೋಡಿದರೆ ಸಾಕು. ಅಲ್ಲೇ ಕ್ಯೂಆರ್ ಸ್ಕ್ಯಾನ್ ಮಾಡಿಸಬಹುದು ಅಲ್ವಾ?

ಲೆಕ್ಕದ ಪುಸ್ತಕ

ಅಮ್ಮಾ, ಅಲ್ಲಿ ಸ್ವಲ್ಪ ತಡೆಯಿರಿ. ಆ ಟ್ರಸ್ಟ್‌ಗೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ಕಾಯ್ದೆಯ, ನೋಂದಣಿ ಅಥವಾ ಪೂರ್ವಾನುಮತಿ ಇದೆಯಾ ಅಂತ ಮೊದಲು ಕೇಳಬೇಕು. ಇಲ್ಲದಿದ್ದರೆ ವಿದೇಶಿ ಪೌರರಿಂದ ಒಂದು ರೂಪಾಯಿಯನ್ನೂ ತಗೊಳ್ಳುವ ಹಾಗಿಲ್ಲ. ಅಮೆರಿಕದ ಪೌರತ್ವ ತಗೊಂಡವರು, ಭಾರತ ಮೂಲದವರಿಗೆ ಕೊಡುವ ಓಸಿಐ ಕಾರ್ಡ್ ಇದ್ದರೂ, ಈ ಲೆಕ್ಕಕ್ಕೆ ವಿದೇಶಿಯರೇ. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಆಗಲ್ಲ. ನೋಂದಣಿ ಇದ್ದರೂ ಆ ಹಣ ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಗೊತ್ತುಪಡಿಸಿದ ಖಾತೆಗೇ ಬರಬೇಕು, ಊರಿನ ಖಾತೆಗಲ್ಲ. ಹಾಲ್‌ನಲ್ಲಿ ಎಲ್ಲರೂ ಒಟ್ಟಿಗೆ ಸ್ಕ್ಯಾನ್ ಮಾಡಿದರೆ ಯಾರ ಹತ್ತಿರ ಯಾವ ಪಾಸ್‌ಪೋರ್ಟ್ ಅಂತ ಹೇಗೆ ಗೊತ್ತಾಗಬೇಕು?

ಹೊರನಾಡ ಕನ್ನಡತಿ

ಅಯ್ಯೋ, ನಮ್ಮಲ್ಲಿ ಅರ್ಧಕ್ಕರ್ಧ ಜನ ಓಸಿಐ.

ಶಿರಸಿ ಕಡೆಯವ

ಟ್ರಸ್ಟ್‌ಗೆ ನೋಂದಣಿ ಇಲ್ಲ, ಕೇಳಿದೆ. ಹೊರದೇಶಕ್ಕೆ ಕಳಿಸುವ ಪ್ರತಿಯಲ್ಲಿ ಕ್ಯೂಆರ್ ಇಲ್ಲದೆ ಮಾಡುತ್ತೇನೆ ಅಕ್ಕ. ಊರಿನಲ್ಲಿರುವ ನೆಂಟರಿಗೆ ತೋರಿಸಿ ಅಂತ ಹೇಳಿ.

ಈಗ ಮುಖ್ಯ ಸುದ್ದಿ. ಹೊಸ ಕಟ್ ಮಾಡಿಕೊಂಡು ಅಣ್ಣನ ಮನೆಗೆ ಹೋಗಿದ್ದೆ. ಕಾರ್ಯದರ್ಶಿಯವರನ್ನು ಕರೆದುಕೊಂಡು ಹೋಗಲಿಲ್ಲ. ಲ್ಯಾಪ್‌ಟಾಪ್ ಇಟ್ಟು ಎಲ್ಲರೂ ಕೂತು ನೋಡಿದೆವು. ಅಳಿಯನಿಗೆ ಬೈಯುವ ಕಡೆ ಮಗಳು ಜೋರಾಗಿ ನಕ್ಕಳು. ಅತ್ತಿಗೆ ಮಾತಾಡಿದ ಭಾಗ ಹೊಸದಾಗಿ ತೆಗೆದದ್ದು. ಅಲಾರಂ ಬೇಕಾಗಿಲ್ಲ, ಪಂಪಿನ ಸದ್ದು ನಿಂತರೆ ತಾನೇ ಎಚ್ಚರ ಆಗುತ್ತದೆ ಅಂದರು. ಅದನ್ನು ಹಾಗೇ ಇಟ್ಟಿದ್ದೇನೆ.

ತೆಗೀಬೇಕು ಅಂತ ಅಣ್ಣ ಹೇಳಿದ್ದು ನಾನು ಗಮನಿಸಿಯೇ ಇರದ ಒಂದು ಶಾಟ್. ಕುರ್ಚಿ ಪಕ್ಕದಲ್ಲಿ ಮೂತ್ರದ ಚೀಲ ಎರಡು ಸೆಕೆಂಡ್ ಕಾಣುತ್ತಿತ್ತು. ತೆಗೆದೆ.

ಆಮೇಲೆ ಹಳೇ ಕಟ್ ಕೂಡ ತೋರಿಸಿದೆ, ಏನು ಬಿಟ್ಟಿದ್ದೇನೆ ಅಂತ ಗೊತ್ತಿರಲಿ ಅಂತ. ಬೀಳುವ ಶಾಟ್ ಬಂದಾಗ ಅತ್ತಿಗೆ ಎದ್ದು ಒಳಗೆ ಹೋದರು. ಅದು ಹೋಯಿತು, ಪ್ರಶ್ನೆಯೇ ಇಲ್ಲ. ಆದರೆ ಅಳುವ ಶಾಟ್ ಬಗ್ಗೆ ಅಣ್ಣ ಬೇರೆಯೇ ಹೇಳಿದರು. "ನಾನು ಅತ್ತಿದ್ದು ಸುಳ್ಳಲ್ಲವಲ್ಲ, ಅದನ್ನು ಯಾಕೆ ತೆಗೀತೀರಿ? ಬರೀ ಬೈಯುವುದು ತೋರಿಸಿದರೆ ಇವನಿಗೆ ಏನೂ ಕಷ್ಟ ಇಲ್ಲ ಅಂದುಕೊಳ್ಳುತ್ತಾರೆ." ಅತ್ತಿಗೆಗೆ ಬೇಡ. ಮಗಳು ಏನೂ ಹೇಳಲಿಲ್ಲ.

ಈಗ ಏನು ಮಾಡಲಿ?

ಮಾರ್ಕೆಟಿಂಗ್ ಮಂಜ

ಅವರೇ ಇಡಿ ಅಂತಿದ್ದಾರೆ! ಇನ್ನೇನು ಬೇಕು? ನೀವೆಲ್ಲ ಅವರ ಘನತೆ ಕಾಪಾಡ್ತೀವಿ ಅಂತ ಅವರ ಮಾತನ್ನೇ ಕೇಳ್ತಿಲ್ಲ.

ನಾಲ್ಕು ಚಕ್ರ

ಈ ಸಲ ಮಂಜ ಅವರ ಮಾತು ತಳ್ಳಿಹಾಕುವ ಹಾಗಿಲ್ಲ. ಕಷ್ಟ ಇಲ್ಲ ಅಂತ ತೋರಿಸುವುದೂ ಸುಳ್ಳೇ. ನಾನಾಗಿದ್ದರೆ ಇಡು ಅನ್ನುತ್ತಿದ್ದೆನೋ ಏನೋ.

ಕತ್ತರಿ ಮೇಷ್ಟ್ರು

ನಾನು ಇನ್ನೂ ಬೇಡ ಅನ್ನುವ ಕಡೆಗೇ ಇದ್ದೇನೆ, ಆದರೆ ಮೊದಲಿನಷ್ಟು ಗಟ್ಟಿಯಾಗಿ ಅಲ್ಲ. ಅವರು ಅತ್ತದ್ದು ಅವರದು. ಆದರೆ ಅತ್ತದ್ದು ಮಗಳ ವಿಷಯಕ್ಕೆ, ಹಾಗಾಗಿ ಅವಳಿಗೂ ಅದರಲ್ಲಿ ಪಾಲಿದೆ. ಅವಳು ಸುಮ್ಮನಿದ್ದದ್ದನ್ನು ಒಪ್ಪಿಗೆ ಅಂತ ತಗೊಳ್ಳಬೇಡಿ. ಅಪ್ಪನ ಎದುರು ಬೇಡ ಅನ್ನಲು ಆಗದೆಯೂ ಇರಬಹುದು. ಇಡುವುದೇ ಆದರೆ ಸ್ಲೋ ಮೋಷನ್ ತೆಗೆಯಿರಿ, ಮುಖಕ್ಕೆ ಜೂಮ್ ಹೋದದ್ದನ್ನು ತೆಗೆಯಿರಿ. ಇಪ್ಪತ್ತು ಸೆಕೆಂಡ್ ಬೇಡ. ಮಾತು ನಿಂತು, ಅವರು ತಲೆ ತಗ್ಗಿಸಿ, ಮತ್ತೆ ತಾವೇ ಮಾತು ಶುರು ಮಾಡಿದರಾ? ಮಾಡಿದ್ದರೆ ಆ ಮುಂದಿನ ಮಾತು ಇಲ್ಲದೆ ಅಳುವನ್ನು ಕತ್ತರಿಸಬೇಡಿ.

ಶಿರಸಿ ಕಡೆಯವ

ಶುರು ಮಾಡಿದ್ದಾರೆ. "ಕ್ಯಾಮೆರಾ ನಿಲ್ಲಿಸು, ಚಾ ಕುಡಿಯೋಣ" ಅಂತ. ಮಗಳ ಜೊತೆ ಭಾನುವಾರ ಮಾತಾಡುತ್ತೇನೆ, ಅವಳ ಗೆಳತಿಯೂ ಇರಲಿ ಅಂತ ಹೇಳಿದ್ದೇನೆ. ಕಾರ್ಯದರ್ಶಿಯವರಿಗೆ ಹೊಸ ಕಟ್ ಇನ್ನೂ ಒಪ್ಪಿಗೆ ಇಲ್ಲ, "ಚೆನ್ನಾಗಿದೆ, ಆದರೆ ಯಾರೂ ಅಳಲಿಲ್ಲ" ಅಂದರು. ಸಂಘದ ಸಭೆಯಲ್ಲಿ ಎರಡೂ ಕಟ್ ಹಾಕಿ ನೋಡೋಣ ಅಂತಿದ್ದಾರೆ. ಹಳೆಯದನ್ನು ಹಾಕಲು ಅಣ್ಣನ ಮನೆಯವರ ಒಪ್ಪಿಗೆ ಇಲ್ಲ ಅಂತ ಹೇಳಿದೆ.

ಮಾರ್ಕೆಟಿಂಗ್ ಮಂಜ

ಮೊದಲ ವಾರ ದುಡ್ಡು ಕಡಿಮೆಯೇ ಬರುತ್ತೆ ನೋಡಿ. ಬೇಕಾದರೆ ಬಂದು ಹೇಳಿ.

ಲೆಕ್ಕದ ಪುಸ್ತಕ

ಬರಬಹುದು. ಆದರೆ ನರ್ಸ್ ಸಂಬಳ ಪ್ರತಿ ತಿಂಗಳು ಕೊಡಬೇಕು. ಒಂದೇ ಸಲ ಅತ್ತು 2000 ಕೊಟ್ಟು ಮರೆಯುವವರಿಗಿಂತ ತಿಂಗಳಿಗೆ 200 ಕೊಡುವವರು ನಮಗೆ ಬೇಕು. ಈ ಕಟ್ ಅಂಥವರನ್ನು ತರುತ್ತದಾ ಅಂತ ಆರು ತಿಂಗಳು ಬಿಟ್ಟು ಕೇಳಿ, ಮೊದಲ ವಾರ ಅಲ್ಲ.

ನಾಲ್ಕು ಚಕ್ರ

ಶಿರಸಿಯವರೇ, ಬೇರೆ ವಿಷಯ. ತೋಟದ ಕ್ಲಿಪ್‌ನಲ್ಲಿ ಅಣ್ಣ ಅಲ್ಲಿಗೆ ಹೇಗೆ ಬಂದರು? ಮನೆ ಬಾಗಿಲಿಗೆ ರ‍್ಯಾಂಪ್ ಇದೆಯಾ, ಎತ್ತಿ ಇಳಿಸುತ್ತಾರಾ?

ಶಿರಸಿ ಕಡೆಯವ

ಇಬ್ಬರು ಎತ್ತಿ ಇಳಿಸುತ್ತಾರೆ. ಜಗಲಿಗೆ ಎರಡು ಮೆಟ್ಟಿಲು.

ನಾಲ್ಕು ಚಕ್ರ

ಮೆಟ್ಟಿಲ ಒಟ್ಟು ಎತ್ತರ ಅಳೆದು ಹೇಳಿ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು. ಅದಕ್ಕಿಂತ ಕಡಿದಾದರೆ ತಾನೇ ದೂಡಿಕೊಂಡು ಹತ್ತುವುದು ಕಷ್ಟ. ಅಂಗಳದಲ್ಲಿ ಅಷ್ಟು ಜಾಗ ಇಲ್ಲದಿದ್ದರೆ ಗೋಡೆಗುಂಟ ತಿರುಗಿಸಬಹುದು. ಫೋಟೊ ಕಳಿಸಿ. ಅಂಗಳದ್ದು ಮಾತ್ರ.

ಶಿರಸಿ ಕಡೆಯವ

ಭಾನುವಾರ ಹೋದಾಗ ಟೇಪ್ ತಗೊಂಡು ಹೋಗುತ್ತೇನೆ.